ಆಟ ತಡವರಿಸದಂತೆ ರೂಟರ್ ಇಟ್ಟ ಬಗೆ: ಡೊಂಬಿವಲಿಯ ಒಂದು ಬೆಡ್‌ರೂಮಿನ ಮನೆಯ ಅನುಭವ

ಮೊಬೈಲಿನಲ್ಲಿ ಆಡುವಾಗ ಎದುರಾಳಿ ಇದ್ದಕ್ಕಿದ್ದಂತೆ ಜಿಗಿದು ಬೇರೆ ಕಡೆ ನಿಂತರೆ, ಹೊಡೆದ ಗುಂಡು ಲೆಕ್ಕಕ್ಕೇ ಬಾರದೆ ಹೋದರೆ, ಹೆಚ್ಚಿನವರು ಇಂಟರ್‌ನೆಟ್ ಪ್ಲಾನನ್ನು ದೊಡ್ಡದು ಮಾಡಿಸುತ್ತಾರೆ. ಅದರಿಂದ ಪ್ರಯೋಜನವಾಗುವುದು ಅಪರೂಪ. ಒಂದು ಗಂಟೆ ಆಡಿದರೂ ಇಂಥ ಆಟಕ್ಕೆ ಖರ್ಚಾಗುವುದು ಕೆಲವು ಹತ್ತು ಎಂಬಿ ಡೇಟಾ ಅಷ್ಟೇ. ಅತಿ ಅಗ್ಗದ ಪ್ಲಾನ್ ಕೂಡ ಅದನ್ನು ಸಲೀಸಾಗಿ ಒದಗಿಸುತ್ತದೆ. ಆದರೆ ಆ ಪುಟ್ಟ ಪ್ಯಾಕೆಟ್‌ಗಳು ಒಂದರ ಹಿಂದೆ ಒಂದು ಹೊತ್ತಿಗೆ ಸರಿಯಾಗಿ ತಲುಪುತ್ತಿರಬೇಕು. ನಡುವೆ ಅರ್ಧ ಸೆಕೆಂಡು ತಡವಾದರೂ ಆಟ ಕೆಟ್ಟಿತು. ನಮ್ಮ ಮನೆಯಲ್ಲಿ ಆ ತಡ ಹುಟ್ಟುತ್ತಿದ್ದದ್ದು ಫೋನಿಗೂ ರೂಟರಿಗೂ ನಡುವಿನ ಹದಿನೆಂಟು ಇಪ್ಪತ್ತು ಅಡಿಯಲ್ಲಿ.

ನಾವಿರುವುದು ಮುಂಬಯಿ ಬಳಿಯ ಡೊಂಬಿವಲಿ ಪೂರ್ವದಲ್ಲಿ, ಮಹಡಿಗೆ ನಾಲ್ಕು ಮನೆಗಳಿರುವ ಬಿಲ್ಡಿಂಗಿನಲ್ಲಿ. ರಾತ್ರಿ ಫೋನಿನಲ್ಲಿ ವೈಫೈ ಪಟ್ಟಿ ತೆರೆದರೆ ಅಕ್ಕಪಕ್ಕದ, ಮೇಲಿನ ಕೆಳಗಿನ ಮನೆಗಳ ಹೆಸರುಗಳು ಪರದೆ ತುಂಬಿ ಕೆಳಗೂ ಸಾಗುತ್ತವೆ. ಕೇಬಲ್‌ನವರು ಫೈಬರ್ ತಂದು ಮುಖ್ಯ ಬಾಗಿಲ ಮೇಲಿನ ಮೂಲೆಯಲ್ಲಿ ಡಬ್ಬಿಯನ್ನೂ ರೂಟರನ್ನೂ ಒಟ್ಟಿಗೆ ಬಿಗಿದು ಹೋಗಿದ್ದರು. ಅವರಿಗೆ ಅದು ಸುಲಭ, ತಂತಿ ಕಡಿಮೆ ಸಾಕು. ಮಗ ಆಡುವುದು ಮಾತ್ರ ಮನೆಯ ಇನ್ನೊಂದು ತುದಿಯ ಬೆಡ್‌ರೂಮಿನ ಮಂಚದ ಮೇಲೆ. ಲೋಕಲ್ ಹಿಡಿದು ನಾನು ಮನೆ ಸೇರಿದ ಮೇಲೆ ಒಂದೆರಡು ಪಂದ್ಯ ಅವನ ಜೊತೆ ಆಡುತ್ತೇನೆ. ಇಡೀ ಬಿಲ್ಡಿಂಗೇ ಆನ್‌ಲೈನ್ ಇರುವ ಹೊತ್ತು ಅದು.

ಕೈ ಹಾಕುವ ಮೊದಲು ಅಳೆಯಬೇಕು. ವೇಗ ಅಳೆಯುವ ಆ್ಯಪ್‌ಗಳು ಇಲ್ಲಿ ನೆರವಾಗುವುದಿಲ್ಲ. ಅವು ಎಷ್ಟು ಡೇಟಾ ಹರಿಯಿತು ಎಂದು ಹೇಳುತ್ತವೆ, ಯಾವ ಕ್ಷಣದಲ್ಲಿ ತಡವಾಯಿತು ಎಂದು ಹೇಳುವುದಿಲ್ಲ. ನಾನು ಆಂಡ್ರಾಯ್ಡ್ ಫೋನಿನಲ್ಲಿ ಟರ್ಮಕ್ಸ್ ಎಂಬ ಆ್ಯಪ್ ಹಾಕಿಕೊಂಡು, ಮಂಚದ ಮೇಲೆ ಆಡುವ ಭಂಗಿಯಲ್ಲೇ ಕುಳಿತು, ನಮ್ಮ ರೂಟರಿಗೇ ಪಿಂಗ್, ಅಂದರೆ ಹೋಗಿ ಬರಲು ಎಷ್ಟು ಹೊತ್ತು ಹಿಡಿಯಿತೆಂದು ಅಳೆಯುವ ಪುಟ್ಟ ಪ್ಯಾಕೆಟ್, ಕಳಿಸಿದೆ:

```
ping -i 0.2 -c 300 192.168.1.1
```

ಕೊನೆಯಲ್ಲಿರುವುದು ರೂಟರಿನ ವಿಳಾಸ. ಅದು ಮನೆಮನೆಗೆ ಬೇರೆಯಾಗಬಹುದು. ಫೋನಿನ ವೈಫೈ ವಿವರಗಳಲ್ಲಿ ಗೇಟ್‌ವೇ ಎಂಬಲ್ಲಿ ಸಿಗುತ್ತದೆ. ಸೆಕೆಂಡಿಗೆ ಐದರಂತೆ ಒಂದು ನಿಮಿಷ ಕಳಿಸುವುದಕ್ಕೆ ಕಾರಣವಿದೆ. ಕೆಲಸವಿಲ್ಲದಾಗ ಫೋನು ಬ್ಯಾಟರಿ ಉಳಿಸಲು ವೈಫೈ ರೇಡಿಯೋವನ್ನು ಆಗಾಗ ಮಲಗಿಸುತ್ತದೆ. ಸೆಕೆಂಡಿಗೆ ಒಂದೇ ಪಿಂಗ್ ಕಳಿಸಿದರೆ ಆ ನಿದ್ದೆಯ ತಡವೂ ಲೆಕ್ಕಕ್ಕೆ ಸೇರಿ, ಸರಿಯಿರುವ ಜಾಲವೂ ಕೆಟ್ಟದ್ದಾಗಿ ಕಾಣುತ್ತದೆ. ಆಟ ನಡೆಯುವಾಗ ಪ್ಯಾಕೆಟ್‌ಗಳು ಎಡೆಬಿಡದೆ ಓಡಾಡುವುದರಿಂದ ಫೋನಿಗೆ ಮಲಗಲು ಅಷ್ಟು ಬಿಡುವಿರುವುದಿಲ್ಲ. ಫಲಿತಾಂಶದ ಕೊನೆಯ ಸಾಲಿನಲ್ಲಿ `min/avg/max/mdev` ಎಂದು ನಾಲ್ಕು ಅಂಕಿಗಳು ಬರುತ್ತವೆ. ಆಟಗಾರ ನೋಡಬೇಕಾದದ್ದು ಮೂರನೆಯದು ಮತ್ತು ನಾಲ್ಕನೆಯದು: ಅತಿ ಹೆಚ್ಚಿನ ತಡ ಎಷ್ಟು, ಅಂಕಿಗಳ ಏರಿಳಿತ ಎಷ್ಟು. ಸರಾಸರಿ ಚೆನ್ನಾಗಿದ್ದೂ ಆಟ ಹಾಳಾಗಬಹುದು.

ನಮ್ಮಲ್ಲಿ ಆಗುತ್ತಿದ್ದದ್ದೂ ಅದೇ. ರೂಟರಿನ ಎರಡು ರೇಡಿಯೋ ಬ್ಯಾಂಡುಗಳಲ್ಲಿ ಒಂದಾದ 2.4 ಗಿಗಾಹರ್ಟ್ಸ್‌ನಲ್ಲಿ ಸಿಗ್ನಲ್ ಪಟ್ಟಿಗಳು ಪೂರ್ತಿ ಇದ್ದವು, ಸರಾಸರಿ 14 ಮಿಲಿಸೆಕೆಂಡು, ಆದರೆ ಅತಿ ಹೆಚ್ಚಿನ ತಡ 380ರ ಆಚೀಚೆ. ಬೆಳಗ್ಗೆ ಇದೇ ಪರೀಕ್ಷೆ ಮಾಡಿದರೆ ಅಂಕಿಗಳು ತಗ್ಗಿರುತ್ತಿದ್ದವು. ರಾತ್ರಿ ಕೆಟ್ಟು ಬೆಳಗ್ಗೆ ಸರಿಯಾಗುವ ಈ ಲಕ್ಷಣವೇ ನೆರೆಮನೆಗಳ ದಟ್ಟಣೆಯ ಗುರುತು. ಈ ಬ್ಯಾಂಡಿನಲ್ಲಿ ಭಾರತದಲ್ಲಿ 13 ಚಾನೆಲ್‌ಗಳಿದ್ದರೂ ಅವು ಒಂದರ ಮೇಲೊಂದು ಹರಡಿಕೊಂಡಿವೆ. ಒಂದಕ್ಕೊಂದು ತಾಗದಂತೆ ಬಳಸಬಹುದಾದವು ಮೂರೇ, 1, 6 ಮತ್ತು 11. ವೈಫೈ ಉಪಕರಣ ಮಾತಾಡುವ ಮೊದಲು ಚಾನೆಲಿನಲ್ಲಿ ಬೇರೆ ಯಾರಾದರೂ ಮಾತಾಡುತ್ತಿದ್ದಾರೆಯೇ ಎಂದು ಕೇಳಿ, ಖಾಲಿಯಾಗುವವರೆಗೆ ಕಾಯುತ್ತದೆ. ಹತ್ತಿಪ್ಪತ್ತು ಮನೆಗಳು ಮೂರು ಚಾನೆಲ್ ಹಂಚಿಕೊಂಡರೆ ನಮ್ಮ ಪ್ಯಾಕೆಟ್ ಸರದಿಯಲ್ಲಿ ನಿಲ್ಲಲೇಬೇಕು. ಸಿಗ್ನಲ್ ಪಟ್ಟಿ ತೋರಿಸುವುದು ದನಿಯ ಜೋರನ್ನು ಮಾತ್ರ, ಸರದಿಯ ಉದ್ದವನ್ನಲ್ಲ.

ಇನ್ನೊಂದು ಕಾರಣ ಮಗನ ಕಿವಿಯಲ್ಲೇ ಇತ್ತು. ಬ್ಲೂಟೂತ್ ಇಯರ್‌ಫೋನ್ ಕೆಲಸ ಮಾಡುವುದೂ 2.4 ಗಿಗಾಹರ್ಟ್ಸ್‌ನಲ್ಲೇ. ಅನೇಕ ಫೋನುಗಳಲ್ಲಿ ಆ ಬ್ಯಾಂಡಿನ ವೈಫೈಯೂ ಬ್ಲೂಟೂತೂ ಒಂದೇ ಆಂಟೆನಾವನ್ನು ಸಮಯ ಹಂಚಿಕೊಂಡು ಬಳಸುತ್ತವೆ. ಕಿವಿಗೆ ಸದ್ದು ಹೋಗುವ ಕ್ಷಣದಲ್ಲಿ ಆಟದ ಪ್ಯಾಕೆಟ್ ಕಾಯುತ್ತದೆ. ಇಯರ್‌ಫೋನ್ ಆಫ್ ಮಾಡಿ ಮತ್ತೆ ಪಿಂಗ್ ಮಾಡಿಸಿದಾಗ ಏರಿಳಿತ ಕಣ್ಣಿಗೆ ಕಾಣುವಷ್ಟು ತಗ್ಗಿತು. ಇನ್ನೊಂದು ಬ್ಯಾಂಡಾದ 5 ಗಿಗಾಹರ್ಟ್ಸ್‌ನಲ್ಲಿ ಈ ಜಗಳ ಇರುವುದಿಲ್ಲ. ಬ್ಲೂಟೂತ್ ಹಾಕಿಕೊಂಡು ಆಡುವವರಿಗೆ 5 ಗಿಗಾಹರ್ಟ್ಸ್ ಆರಿಸಲು ಇದೊಂದೇ ಕಾರಣ ಸಾಕು ಎಂಬುದು ನನ್ನ ಅಭಿಪ್ರಾಯ.

ಆದರೆ ಅದೇ ಮಂಚದಿಂದ 5 ಗಿಗಾಹರ್ಟ್ಸ್‌ಗೆ ಸೇರಿಸಿದರೆ ಸಿಗ್ನಲ್ ಮೈನಸ್ 79 ಡಿಬಿಎಂ. ಈ ಅಂಕಿ ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು; ಮೈನಸ್ 67ಕ್ಕಿಂತ ಕೆಳಗಿಳಿದರೆ ಆಟಕ್ಕೆ ನಾನು ನಂಬುವುದಿಲ್ಲ. ಪ್ಯಾಕೆಟ್‌ಗಳು ಕಳೆದುಹೋಗುತ್ತಿದ್ದವು, ಒಂದನ್ನೇ ಮತ್ತೆ ಮತ್ತೆ ಕಳಿಸಬೇಕಾಗಿ ತಡ ಬೆಳೆಯುತ್ತಿತ್ತು. ಸಾಲದ್ದಕ್ಕೆ ರೂಟರ್ ಎರಡೂ ಬ್ಯಾಂಡಿಗೆ ಒಂದೇ ಹೆಸರು ಇಟ್ಟಿತ್ತು. ಹಾಗಿದ್ದಾಗ ಫೋನು ಪಂದ್ಯದ ನಡುವೆಯೇ ಒಂದು ಬ್ಯಾಂಡಿನಿಂದ ಇನ್ನೊಂದಕ್ಕೆ ಹಾರುತ್ತದೆ, ಆ ಹಾರಾಟದಲ್ಲಿ ಆಟ ಒಂದು ಕ್ಷಣ ಕಲ್ಲಾಗುತ್ತದೆ. ರೂಟರಿನ ಸೆಟಿಂಗ್ಸ್‌ನಲ್ಲಿ ಸ್ಮಾರ್ಟ್ ಕನೆಕ್ಟ್ ಎಂಬುದನ್ನು ಆಫ್ ಮಾಡಿ ಎರಡಕ್ಕೂ ಬೇರೆ ಹೆಸರು ಕೊಟ್ಟೆ. ಆಡುವ ಫೋನುಗಳಿಗೆ 5 ಗಿಗಾಹರ್ಟ್ಸ್‌ನ ಹೆಸರು ಮಾತ್ರ ಗೊತ್ತಿರಬೇಕು. ಇನ್ನೊಂದನ್ನು ಫೋನಿನಿಂದ ಅಳಿಸಿಬಿಡಬೇಕು.

ಉಳಿದದ್ದು ಜಾಗದ ಕೆಲಸ. ಬಾಗಿಲ ಮೂಲೆಯಿಂದ ಮಂಚಕ್ಕೆ ಒಂದು ನೇರ ಗೆರೆ ಎಳೆದಂತೆ ಊಹಿಸಿಕೊಂಡು ಅದು ಏನೇನನ್ನು ದಾಟುತ್ತದೆ ಎಂದು ನೋಡಿದೆ: ಒಂದು ಕಾಂಕ್ರೀಟ್ ಕಂಬ, ಬಾತ್‌ರೂಮಿನ ಟೈಲ್ಸ್ ಹಾಕಿದ ಗೋಡೆಗಳು, ಒಳಗಿನ ನೀರು ತುಂಬಿದ ಡ್ರಮ್ಮು, ಬೆಡ್‌ರೂಮಿನ ಗೋಡೆಗೆ ಒರಗಿಸಿದ ಉಕ್ಕಿನ ಕಪಾಟು. ಇಟ್ಟಿಗೆಯ ತೆಳು ಗೋಡೆಯನ್ನು 5 ಗಿಗಾಹರ್ಟ್ಸ್ ಸ್ವಲ್ಪ ಸೊರಗಿಯಾದರೂ ದಾಟುತ್ತದೆ. ಕಬ್ಬಿಣದ ಸರಳುಗಳಿರುವ ಕಾಂಕ್ರೀಟು, ನೀರು, ಲೋಹದ ಹಾಳೆ ಇವುಗಳ ಮುಂದೆ ಅದು ಬಹಳ ಸೋಲುತ್ತದೆ. ಬೇಕಾದದ್ದು ಗೆರೆಗೆ ತೆರೆದ ದಾರಿ ಸಿಗುವ ಜಾಗ. ಅದು ಹಾಲ್‌ನ ಗೋಡೆಯಲ್ಲಿ, ಪ್ಯಾಸೇಜಿನ ಎದುರಿಗೆ ಇತ್ತು. ಅಲ್ಲಿ ನಿಂತರೆ ಬೆಡ್‌ರೂಮಿನ ಬಾಗಿಲೂ ಅದರಾಚೆಯ ಮಂಚದ ಅರ್ಧವೂ ಕಾಣುತ್ತವೆ. ಬಾಗಿಲು ಮುಚ್ಚಿದರೂ ಅದು ಮರದ್ದು, ಹೆಚ್ಚು ಅಡ್ಡಿಯಲ್ಲ.

ಮೊಳೆ ಹೊಡೆಯುವ ಮೊದಲು ಒಂದು ಸ್ಟೂಲಿನ ಮೇಲೆ ರೂಟರ್ ಇಟ್ಟು ಅಳೆದು ನೋಡಿದೆವು. ಫೈಬರ್ ಬರುವ ಡಬ್ಬಿಯನ್ನು ಮುಟ್ಟಲಿಲ್ಲ. ಫೈಬರನ್ನು ಎಳೆದು ಮಡಿಸಿದರೆ ಬೆಳಕು ಸೋರುತ್ತದೆ, ಒಳಗೆ ಮುರಿಯಲೂಬಹುದು. ಡಬ್ಬಿ ಅಲ್ಲೇ ಉಳಿಯಿತು, ಅದರಿಂದ ಹಾಲ್‌ನ ಗೋಡೆಯವರೆಗೆ ಹತ್ತು ಮೀಟರಿನ ಕ್ಯಾಟ್ 6 ಲ್ಯಾನ್ ಕೇಬಲ್ ಎಳೆದೆವು. ಈ ಕೇಬಲಿಗೆ ನೂರು ಮೀಟರಿನವರೆಗೆ ತೊಂದರೆಯಿಲ್ಲ. ಡಬ್ಬಿ, ರೂಟರ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುವ ಮನೆಗಳಲ್ಲಿ ಕೇಬಲ್‌ನವರನ್ನೇ ಕರೆದು ಉದ್ದದ ಫೈಬರ್ ಹಾಕಿಸಬೇಕು, ಇಲ್ಲವೇ ಆ ಪೆಟ್ಟಿಗೆಯ ವೈಫೈ ಆಫ್ ಮಾಡಿ ಇನ್ನೊಂದು ರೂಟರ್ ಜೋಡಿಸಬೇಕು.

ರೂಟರ್ ಈಗ ಐದಡಿ ಎತ್ತರದಲ್ಲಿದೆ, ಟಿವಿಯಿಂದ ದೂರ, ಆಂಟೆನಾಗಳು ನೆಟ್ಟಗೆ. ನಿಂತ ಆಂಟೆನಾದ ಶಕ್ತಿ ಸುತ್ತಲೂ ಅಡ್ಡಕ್ಕೆ ಹರಡುತ್ತದೆ, ಅದರ ತುದಿಯ ದಿಕ್ಕಿನಲ್ಲಿ ತೀರಾ ಕಡಿಮೆ. ಆದ್ದರಿಂದ ಆಂಟೆನಾದ ತುದಿಯನ್ನು ಮಂಚದ ಕಡೆಗೆ ಗುರಿಯಿಟ್ಟರೆ ನಷ್ಟವೇ. ಅಳೆಯುವಾಗ ಫೋನನ್ನು ಎರಡೂ ಕೈಯಲ್ಲಿ ಅಡ್ಡಲಾಗಿ ಹಿಡಿದೇ ಅಳೆಯಬೇಕು. ಆಂಟೆನಾಗಳು ಸಾಮಾನ್ಯವಾಗಿ ಫೋನಿನ ಅಂಚುಗಳಲ್ಲಿರುತ್ತವೆ, ಅಂಗೈ ಅವನ್ನು ಮುಚ್ಚುತ್ತದೆ. ಟೇಬಲ್ಲಿನ ಮೇಲೆ ಮೈನಸ್ 53 ತೋರಿಸಿದ ಫೋನು ಕೈಯಲ್ಲಿ ಮೈನಸ್ 58 ತೋರಿಸಿತು. ಅದೂ ಸಾಕಷ್ಟು ಒಳ್ಳೆಯದು. ರಾತ್ರಿಯ ಪಿಂಗ್ ಸರಾಸರಿ 4 ಮಿಲಿಸೆಕೆಂಡಿಗೆ ಇಳಿಯಿತು, ಅತಿ ಹೆಚ್ಚಿನದು 30ರ ಸುತ್ತ ನಿಂತಿತು.

ಚಾನೆಲ್ ವಿಷಯದಲ್ಲಿ ಒಂದು ಎಚ್ಚರಿಕೆ. ವೈಫೈ ಅನಲೈಸರ್ ಆ್ಯಪ್‌ನಲ್ಲಿ ನೋಡಿದರೆ 100ನೇ ಚಾನೆಲಿನ ಸುತ್ತ ಯಾರೂ ಇರಲಿಲ್ಲ. ಅಲ್ಲಿಗೆ ಹೋದಾಗ ಅಂಕಿಗಳು ಇನ್ನೂ ಚೆನ್ನಾದವು. ಆದರೆ ಒಂದು ಸಂಜೆ ಪಂದ್ಯದ ನಡುವೆ ವೈಫೈ ಪೂರ್ತಿ ಕಡಿದುಹೋಯಿತು, ರೂಟರಿನ ದಾಖಲೆಯಲ್ಲಿ `radar detected` ಎಂಬ ಸಾಲು ಇತ್ತು. 52ರಿಂದ 144ರವರೆಗಿನ ಚಾನೆಲ್‌ಗಳನ್ನು ವೈಫೈಯೂ ಹವಾಮಾನದಂಥ ರೇಡಾರುಗಳೂ ಹಂಚಿಕೊಂಡಿವೆ. ರೇಡಾರಿನ ಸುಳಿವು ಸಿಕ್ಕರೆ ರೂಟರ್ ಒಡನೆಯೇ ಜಾಗ ಬಿಡಬೇಕೆಂಬುದು ನಿಯಮ. ಅಂಥ ಇನ್ನೊಂದು ಚಾನೆಲಿಗೆ ಹೋದರೆ ಕನಿಷ್ಠ 60 ಸೆಕೆಂಡು ಸುಮ್ಮನೆ ಕೇಳಿಸಿಕೊಂಡೇ ಶುರು ಮಾಡಬೇಕು. ಸಿನಿಮಾ ನೋಡುವವರಿಗೆ ಇದು ಗೊತ್ತಾಗದೆ ಹೋಗಬಹುದು, ಆಡುವವರಿಗೆ ಪಂದ್ಯವೇ ಹೋಯಿತು. ಹಾಗಾಗಿ ಆಟದ ಮನೆಗೆ 36ರಿಂದ 48, ಇಲ್ಲವೇ 149ರಿಂದ 161ರ ನಡುವಿನದೇ ಸರಿ. ನಾವು 149ರಲ್ಲಿ ನಿಂತಿದ್ದೇವೆ, ಚಾನೆಲಿನ ಅಗಲವನ್ನು 80 ಮೆಗಾಹರ್ಟ್ಸ್‌ನಿಂದ 40ಕ್ಕೆ ಇಳಿಸಿದ್ದೇವೆ. ಡೌನ್‌ಲೋಡ್ ವೇಗ ತಗ್ಗಿತು, ನೆರೆಯವರ ಜೊತೆಗಿನ ತಿಕ್ಕಾಟವೂ ತಗ್ಗಿತು.

ಟಿವಿ, ಅಮ್ಮನ ಫೋನು ಎಲ್ಲವೂ 2.4ರಲ್ಲೇ ಇವೆ. ಕಾಂಕ್ರೀಟಿನ ಎರಡು ಗೋಡೆ ದಾಟಲೇಬೇಕಾದ, ರೂಟರ್ ಸರಿಸಲಾಗದ ಮನೆಯಲ್ಲಿ ಆಟಕ್ಕೂ 2.4ನ್ನೇ ಬಳಸಬೇಕಾಗುತ್ತದೆ. ಆಗ ಅಗಲ 20 ಮೆಗಾಹರ್ಟ್ಸ್ ಇರಲಿ, ಚಾನೆಲ್ 1, 6, 11ರಲ್ಲಿ ಕಡಿಮೆ ಗದ್ದಲದ್ದು ಇರಲಿ, ಇಯರ್‌ಫೋನ್ ತಂತಿಯದ್ದಾಗಿರಲಿ, ಆಡುವ ಹೊತ್ತಿಗೆ ಮೈಕ್ರೋವೇವ್ ಉರಿಯದಿರಲಿ.

ಇಷ್ಟಾದ ಮೇಲೂ ಆಟ ತಡವರಿಸಿದರೆ ಅದೇ ಪಿಂಗನ್ನು ಮನೆಯ ಹೊರಗೆ, ಗೂಗಲ್‌ನ ಸರ್ವರ್ ವಿಳಾಸವಾದ `8.8.8.8`ಕ್ಕೆ ಕಳಿಸಿ ನೋಡಿ. ರೂಟರಿನವರೆಗೆ ಅಂಕಿ ಸಮವಾಗಿದ್ದು ಅಲ್ಲಿಗೆ ಮಾತ್ರ ಜಿಗಿಯುತ್ತಿದ್ದರೆ, ಮೊದಲು ಮನೆಯಲ್ಲಿ ಯಾರ ಫೋನಾದರೂ ಫೋಟೋ, ವಿಡಿಯೋ ಬ್ಯಾಕಪ್ ಕಳಿಸುತ್ತಿದೆಯೇ ಎಂದು ವಿಚಾರಿಸಿ. ಅಪ್‌ಲೋಡ್ ತುಂಬಿಕೊಂಡಾಗ ಆಟದ ಪ್ಯಾಕೆಟ್ ಅದರ ಹಿಂದೆ ಸಿಕ್ಕಿಕೊಳ್ಳುತ್ತದೆ. ಅದೂ ಇಲ್ಲದಿದ್ದರೆ ರೂಟರನ್ನು ಇನ್ನೆಲ್ಲಿಗೆ ಸರಿಸಿಯೂ ಲಾಭವಿಲ್ಲ. ಎರಡೂ ಪಿಂಗ್‌ಗಳ ಸ್ಕ್ರೀನ್‌ಶಾಟ್ ಸಮಯದ ಸಮೇತ ಕೇಬಲ್‌ನವರಿಗೆ ಕಳಿಸಿ. ವೈಫೈಯದೇ ದೋಷ, ರೂಟರ್ ಆರಿಸಿ ಹಚ್ಚಿ ಎಂದು ಅವರು ಫೋನಿಟ್ಟುಬಿಡುವುದಕ್ಕೆ ಆಗ ಆಸ್ಪದವಿರುವುದಿಲ್ಲ.