ಕರೇಜ್‌ನ ಚಿತ್ರಕ್ಕೆ 48 ಸೆಕೆಂಡಿನ ಇಂಟ್ರೋ: ಪ್ಯಾಡ್ ಮತ್ತು ಆರ್ಪೆಜಿಯೋ ಕಟ್ಟಿದ ಬಗೆ

ಬೀದರ್‌ನ ನೌಬಾದ್‌ನಲ್ಲಿ ಬಹಮನಿ ಕಾಲದ ಕರೇಜ್ ಇದೆ. ನೆಲದಡಿಯ ನೀರಿನ ಕಾಲುವೆ ಅದು, ಸುರಂಗ ಬಾವಿ ಅಂತಲೂ ಕರೆಯುತ್ತಾರೆ. ಅದರ ಬಗ್ಗೆ ಗೆಳೆಯನೊಬ್ಬ ಕಿರುಚಿತ್ರ ಮಾಡಿದ. ಶುರುವಿನ ದೃಶ್ಯಕ್ಕೆ ಸಂಗೀತ ಬೇಕಿತ್ತು. "ಹಾಡು ಬ್ಯಾಡ, ಬೀಟ್ ಆಮ್ಯಾಗ ಬರಲಿ. ಮೊದ್ಲ ತಂಪನ್ನ ಅನಸಬೇಕು ನೋಡಪ್ಪಾ" ಎಂದ. ಕಲಬುರಗಿಯ ನನ್ನ ಕೋಣೆಯಲ್ಲಿ ಲ್ಯಾಪ್‌ಟಾಪ್, ಹೆಡ್‌ಫೋನ್, ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್ ಮತ್ತು ವೈಟಲ್ ಎಂಬ ಉಚಿತ ಸಿಂಥ್ ಇಷ್ಟೇ ಇಟ್ಟುಕೊಂಡು ಮಾಡಿದ ಕೆಲಸ ಇದು.

ವೇಗ 80 ಬಿಪಿಎಂ, ಅಂದರೆ ನಿಮಿಷಕ್ಕೆ 80 ಬೀಟ್ ಇಟ್ಟೆ. ಆಗ ನಾಲ್ಕು ಬೀಟಿನ ಒಂದು ಬಾರ್ ಸರಿಯಾಗಿ 3 ಸೆಕೆಂಡ್. 16 ಬಾರ್ ಅಂದರೆ 48 ಸೆಕೆಂಡ್, ದೃಶ್ಯಕ್ಕೆ ಸಾಕು. 17ನೇ ಬಾರ್‌ಗೆ ಬೀಟ್ ಬರಬೇಕು. ಇಷ್ಟು ಹೊತ್ತು ಎರಡೇ ಸದ್ದುಗಳು ಕೇಳುಗನನ್ನು ಹಿಡಿದಿಡಬೇಕು. ಎಲ್ಲಿ ಏನು ಮರುಕಳಿಸುತ್ತಿದೆ ಅಂತ ಕಿವಿಗೆ ಗೊತ್ತಾದ ಕೂಡಲೇ ಕನಸಿನ ಗುಣ ಹೋಗಿಬಿಡುತ್ತದೆ. ಹಾಗಾಗಿ ಇಡೀ ಇಂಟ್ರೋದಲ್ಲಿ ನಾನು ಒಂದೇ ವಿಷಯದ ಹಿಂದೆ ಬಿದ್ದೆ. ಯಾವ ಎರಡು ಚಲನೆಗಳೂ ಒಟ್ಟಿಗೆ ಶುರುವಾಗಿ ಒಟ್ಟಿಗೆ ಮುಗಿಯಬಾರದು.

ಮೊದಲು ಪ್ಯಾಡ್, ಅಂದರೆ ಹಿಂದೆ ನಿಂತು ತುಂಬಿಕೊಳ್ಳುವ ಉದ್ದ ಸದ್ದು. ಸ್ವರಗಳು D2, A2, F♯3, C♯4. ಮೇಲಿನ ಮೂರನ್ನು 16 ಬಾರ್ ಉದ್ದಕ್ಕೂ ಒಂದೊಂದೇ ನೋಟ್ ಆಗಿ ಎಳೆದೆ. ಕೆಳಗಿನದು ಮಾತ್ರ 9ನೇ ಬಾರ್‌ನಲ್ಲಿ D2ಯಿಂದ B1ಗೆ ಇಳಿಯುತ್ತದೆ. ತಳ ಇಳಿದರೆ ಸಾಕು, ಮೇಲಿನ ಸ್ವರಗಳು ಅಲ್ಲೇ ಇದ್ದರೂ ಬೇರೆ ಬಣ್ಣ ಪಡೆಯುತ್ತವೆ. ನಾಲ್ಕನ್ನೂ ಹೊಸದಾಗಿ ಒತ್ತಿದರೆ ಹಾಗಾಗುವುದಿಲ್ಲ. ಪ್ಯಾಡ್‌ನ ಅಟ್ಯಾಕ್, ಅಂದರೆ ಸದ್ದು ಪೂರ್ತಿ ಏಳಲು ಹಿಡಿಯುವ ಹೊತ್ತು, 2.5 ಸೆಕೆಂಡ್ ಇದೆಯಲ್ಲ, ಎಲ್ಲವೂ ಮತ್ತೆ ಸೊನ್ನೆಯಿಂದ ಏಳುತ್ತವೆ. ನಡುವೆ ಒಂದು ತಗ್ಗು ಕೇಳಿಸುತ್ತದೆ. ರಿಲೀಸ್, ಅಂದರೆ ಬಿಟ್ಟ ಮೇಲೆ ಸದ್ದು ಆರುವ ಹೊತ್ತು, 4 ಸೆಕೆಂಡ್ ಕೊಟ್ಟಿದ್ದರಿಂದ D2 ಹೋಗುತ್ತಾ ಹೋಗುತ್ತಾ B1 ಜೊತೆ ಸ್ವಲ್ಪ ಬೆರೆಯುತ್ತದೆ. ಇವೆರಡು ಸ್ವರ ಜಗಳ ಆಡುವುದಿಲ್ಲ, ಆ ಬೆರಕೆ ನನಗೆ ಬೇಕಿತ್ತು.

ಈಗ ಚಲನೆ. ವೈಟಲ್‌ನಲ್ಲಿ ವೇವ್‌ಟೇಬಲ್ ಅಂದರೆ ಸಾಲಾಗಿ ಜೋಡಿಸಿದ ಬೇರೆ ಬೇರೆ ಅಲೆಯಾಕಾರಗಳು. ಸಾಲಿನಲ್ಲಿ ಎಲ್ಲಿ ನಿಂತಿದ್ದೀವಿ ಅನ್ನುವುದರ ಮೇಲೆ ಸದ್ದಿನ ಗುಣ ಬದಲಾಗುತ್ತದೆ. ಆ ಜಾಗವನ್ನು ಒಂದು ಎಲ್‌ಎಫ್‌ಒಗೆ ಕಟ್ಟಿದೆ. ಎಲ್‌ಎಫ್‌ಒ ಕಿವಿಗೆ ಕೇಳದಷ್ಟು ನಿಧಾನವಾದ ಅಲೆ, ಗುಂಡಿಗಳನ್ನು ತಾನೇ ತಿರುಗಿಸುತ್ತಾ ಇರುತ್ತದೆ. ಅದರ ವೇಗವನ್ನು ಟೆಂಪೋಗೆ ಕಟ್ಟದೆ Seconds ಆರಿಸಿ 7 ಸೆಕೆಂಡ್ ಇಟ್ಟೆ. ಇನ್ನೊಂದು ಎಲ್‌ಎಫ್‌ಒ ಫಿಲ್ಟರ್‌ನ ಕಟ್‌ಆಫ್ ಅನ್ನು, ಅಂದರೆ ಅದು ಮೇಲಿನ ಕಂಪನಗಳನ್ನು ಕತ್ತರಿಸತೊಡಗುವ ಜಾಗವನ್ನು, ತುಸು ತೂಗುತ್ತದೆ, ಅದಕ್ಕೆ 11 ಸೆಕೆಂಡ್. ಇವೆರಡು ಮತ್ತೆ ಒಂದೇ ಸ್ಥಿತಿಗೆ ಬರಲು 77 ಸೆಕೆಂಡ್ ಬೇಕು. ನಮ್ಮ ಇಂಟ್ರೋ 48ಕ್ಕೇ ಮುಗಿಯುತ್ತದೆ. ಅಂದರೆ ಪ್ಯಾಡ್ ಒಮ್ಮೆಯೂ ತನ್ನನ್ನು ಮರುಕಳಿಸುವುದಿಲ್ಲ. ಇದನ್ನೇ 6 ಮತ್ತು 12 ಅಂತ ಇಟ್ಟು ನೋಡಿ, ನಾಲ್ಕೇ ಬಾರ್‌ಗೊಮ್ಮೆ ಅದೇ ಏರಿಳಿತ ಬರುವುದು ಬೇಗ ಗೊತ್ತಾಗುತ್ತದೆ.

ಎಲ್‌ಎಫ್‌ಒ ಮೋಡ್ ಕೂಡ Trigger ಬಿಟ್ಟು, ಎಲ್ಲ ಸ್ವರಗಳೂ ಒಂದೇ ಅಲೆಯಲ್ಲಿ ಸಾಗುವ Sync ಮಾಡಿದೆ. Trigger ಇದ್ದರೆ 9ನೇ ಬಾರ್‌ನ ಹೊಸ B1 ತನ್ನ ಚಲನೆಯನ್ನು ಮೊದಲಿನಿಂದ ಶುರು ಮಾಡುತ್ತದೆ. ಉಳಿದ ಸ್ವರಗಳು ಬೇರೆ ಎಲ್ಲೋ ಇರುತ್ತವೆ. ತಳ ಬೇರೆ ವಾದ್ಯದ್ದೇನೋ ಅನಿಸುತ್ತದೆ.

ಇವೆಲ್ಲದರ ಮೇಲೆ ಒಂದೇ ಒಂದು ದೊಡ್ಡ ಚಲನೆ ಇದೆ. ಕಟ್‌ಆಫ್ ಸುಮಾರು 400 ಹರ್ಟ್ಸ್‌ನಿಂದ ಶುರುವಾಗಿ 16 ಬಾರ್‌ನಲ್ಲಿ 2,000ದ ಹತ್ತಿರ ತೆರೆದುಕೊಳ್ಳುತ್ತದೆ. ಇದನ್ನು ರೀಪರ್‌ನಲ್ಲಿ ಕೈಯಿಂದಲೇ ಗೆರೆ ಎಳೆದು ಮಾಡಿದೆ.

ಆರ್ಪೆಜಿಯೋ ಅಂದರೆ ಸ್ವರಮೇಳವನ್ನು ಒಟ್ಟಿಗೆ ಒತ್ತದೆ ಒಂದೊಂದೇ ಸ್ವರವಾಗಿ ಬಿಡಿಸಿ ನುಡಿಸುವುದು. ಅದಕ್ಕೆ ಮೀಟಿದಂಥ ಸದ್ದು ಬೇಕು. ತ್ರಿಕೋನ ಅಲೆಗೆ ಗರಗಸದ ಹಲ್ಲಿನಾಕಾರದ ಸಾ ಅಲೆಯನ್ನು ಸ್ವಲ್ಪವೇ ಬೆರೆಸಿ ಲೋಪಾಸ್ ಫಿಲ್ಟರ್ ಹಾಕಿದೆ. ಗುಟ್ಟು ಇರುವುದು ಎರಡು ಎನ್ವಲಪ್‌ಗಳಲ್ಲಿ, ಅಂದರೆ ಪ್ರತಿ ಸ್ವರದ ಏರಿಳಿತದ ಗೆರೆಗಳಲ್ಲಿ. ಫಿಲ್ಟರ್ ಎನ್ವಲಪ್‌ನ ಡಿಕೇ, ಅಂದರೆ ಇಳಿಯುವ ಹೊತ್ತು, 180 ಮಿಲಿಸೆಕೆಂಡ್, ಸದ್ದಿನ ಎನ್ವಲಪ್‌ನ ಡಿಕೇ 600. ಒತ್ತಿ ಹಿಡಿದಾಗ ಉಳಿಯುವ ಮಟ್ಟವಾದ ಸಸ್ಟೇನ್ ಎರಡರಲ್ಲೂ ಸೊನ್ನೆ. ಮೊದಲು ಹೊಳಪು ಹೋಗಬೇಕು, ಆಮೇಲೆ ಸದ್ದು. ಗಿಟಾರ್ ತಂತಿ ಮೀಟಿದಾಗಲೂ ಹಾಗೇ ಅಲ್ವಾ, ಮೇಲಿನ ಹಾರ್ಮೋನಿಕ್‌ಗಳು ಬೇಗ ಸಾಯುತ್ತವೆ, ತಳದ ಸ್ವರ ಉಳಿಯುತ್ತದೆ. ಎರಡೂ ಡಿಕೇ ಒಂದೇ ಆದರೆ ಬರುವುದು ಬರೀ ಟಕ್ ಟಕ್. ಅಟ್ಯಾಕ್ ಪೂರ್ತಿ ಸೊನ್ನೆ ಇದ್ದರೂ ಶುರುವಿನಲ್ಲಿ ಕ್ಲಿಕ್ ಕೇಳಬಹುದು, ಅದಕ್ಕೆ 2 ಮಿಲಿಸೆಕೆಂಡ್ ಕೊಟ್ಟೆ.

ವೈಟಲ್‌ನಲ್ಲಿ ಆರ್ಪೆಜಿಯೇಟರ್ ಇಲ್ಲ, ಸ್ವರಗಳನ್ನು ಕೈಯಿಂದ ಬರೆದೆ. D4, A4, E5, C♯5, F♯4. ಐದು ಸ್ವರ, ಪ್ರತಿಯೊಂದೂ ಬೀಟಿನ ಕಾಲು ಭಾಗ. ಒಂದು ಬಾರ್‌ನಲ್ಲಿ ಹದಿನಾರು ಕಾಲುಗಳಿವೆ, ಐದರ ಗುಂಪು ಅದರೊಳಗೆ ಸರಿಯಾಗಿ ಕೂರುವುದಿಲ್ಲ. ಪ್ರತಿ ಬಾರ್‌ನ ಮೊದಲ ಏಟಿಗೆ ಬೇರೆ ಸ್ವರ ಬರುತ್ತದೆ. ಮತ್ತೆ D4 ಮೊದಲ ಏಟಿಗೆ ಬರುವುದು ಐದು ಬಾರ್ ಆದ ಮೇಲೆ. ಬರೆದಿದ್ದು ಐದೇ ಸ್ವರ, ಕೇಳಿಸುವುದು ಸದಾ ಜಾರುತ್ತಿರುವ ಒಂದು ಎಳೆ. ಕೆಲವು ಸ್ವರಗಳ ವೆಲಾಸಿಟಿ, ಅಂದರೆ ಒತ್ತುವ ಬಲ, ಇಳಿಸಿ, ಆ ವೆಲಾಸಿಟಿಯನ್ನು ಫಿಲ್ಟರ್‌ಗೆ ಕಟ್ಟಿದೆ. ಮೆಲ್ಲಗೆ ಮೀಟಿದ್ದು ಮಂಕಾಗಿ ಕೇಳುತ್ತದೆ. ಡಿಲೇ ಮೂರು ಕಾಲಿನ ದೂರದಲ್ಲಿ, ಅಂದರೆ 562.5 ಮಿಲಿಸೆಕೆಂಡ್. ಪ್ರತಿಧ್ವನಿ ಮುಂದಿನ ಬೇರೆ ಸ್ವರದ ಮೇಲೆ ಬಂದು ಕೂರುತ್ತದೆ.

ಎರಡನ್ನೂ ಸೇರಿಸಿದಾಗ 10ನೇ ಬಾರ್ ದಾಟಿದ ಮೇಲೆ ಮೀಟಿನ ಸದ್ದು ಮುಳುಗತೊಡಗಿತು. ಇದು ಗೊತ್ತಾಗುವ ಬಗೆ ಸುಲಭ. ಪ್ಯಾಡ್ ಮ್ಯೂಟ್ ಮಾಡಿ, ತಿರುಗಿ ತನ್ನಿ. ತಂದಾಗ ಮೀಟಿನ ಮೊನೆ ಮಾತ್ರ ಉಳಿದು ಸ್ವರ ಕಾಣೆಯಾದರೆ, ಎರಡೂ ಒಂದೇ ಜಾಗಕ್ಕೆ ಕಿತ್ತಾಡುತ್ತಿವೆ ಅಂತ ಅರ್ಥ. ಆರ್ಪೆಜಿಯೋದ ವಾಲ್ಯೂಮ್ ಏರಿಸಲಿಲ್ಲ, ಏರಿಸಿದರೆ ಮುಂದೆ ಬಂದು ಕೂತುಬಿಡುತ್ತದೆ. ಬದಲು ಪ್ಯಾಡ್‌ನಲ್ಲಿ 500 ಹರ್ಟ್ಸ್ ಸುತ್ತ ಅಗಲವಾಗಿ 3 ಡೆಸಿಬೆಲ್ ಇಳಿಸಿದೆ. ಕಟ್‌ಆಫ್ ಗೆರೆಯನ್ನೂ ಬಗ್ಗಿಸಿದೆ, 12ನೇ ಬಾರ್‌ವರೆಗೆ ನಿಧಾನ, ಆಮೇಲೆ ಬೇಗ.

ರಿವರ್ಬ್, ಅಂದರೆ ಸದ್ದಿನ ಹಿಂದೆ ಉಳಿಯುವ ಅನುರಣನ, ಎಷ್ಟು ಅನ್ನುವುದನ್ನು ಫ್ಯಾನ್ ಬಂದ್ ಮಾಡಿ ತೀರ್ಮಾನಿಸಿದೆ. ನಮ್ಮ ಕಡೆ ಬೇಸಿಗೆಯಲ್ಲಿ ಅದು ಕಷ್ಟವೇ. ಆದರೆ ಫ್ಯಾನಿನ ಗಾಳಿಸದ್ದು ರಿವರ್ಬ್‌ನ ಬಾಲವನ್ನು ಮುಚ್ಚುತ್ತದೆ, ಹೆಡ್‌ಫೋನ್ ಇದ್ದರೂ ಅಷ್ಟೇ. ಕಡಿಮೆ ಅನಿಸಿ ಇನ್ನೂ ಜಾಸ್ತಿ ಹಾಕುತ್ತೇವೆ. ಫೋನಿನಲ್ಲೂ ಕೇಳಿದೆ. B1 ಸುಮಾರು 62 ಹರ್ಟ್ಸ್, ಫೋನಿನ ಸ್ಪೀಕರ್ ಅದನ್ನು ಕೊಡುವುದೇ ಇಲ್ಲ, ತಳ ಬದಲಾದದ್ದು ಗೊತ್ತೇ ಆಗುವುದಿಲ್ಲ. ಅದಕ್ಕೆ ತಳದ ಸ್ವರಕ್ಕೆ ಸಾ ಅಲೆ ಬೆರೆಸಿದ ಒಂದು ಪದರವನ್ನು ಒಂದು ಆಕ್ಟೇವ್ ಮೇಲೆ ಮೆಲ್ಲಗೆ ಸೇರಿಸಿದೆ. ಅದರ ಹಾರ್ಮೋನಿಕ್‌ಗಳು ಫೋನಿನಲ್ಲೂ ಕೇಳುತ್ತವೆ.

ಕೊನೆಗೆ ಬೀಟ್ ಬರುವ ಜಾಗ. ಐದರ ಲೆಕ್ಕದಲ್ಲಿ 16ನೇ ಬಾರ್ ಸರಿಯಾಗಿ D4ನಿಂದಲೇ ಶುರುವಾಗುತ್ತದೆ. ಹಾಗೇ ಬಿಟ್ಟರೆ 17ನೇ ಬಾರ್ ಶುರುವಾಗುವುದು A4ನಿಂದ, ಬೀಟ್ ಒಂದು ಹೆಜ್ಜೆ ತಪ್ಪಿ ಬಂದ ಹಾಗೆ ಇರುತ್ತದೆ. ಹಾಗಾಗಿ ಕೊನೆಯ ಬಾರ್‌ನಲ್ಲಿ ಐದರ ಗುಂಪು ಮೂರು ಸಲ, ಹದಿನಾರನೇ ಕಾಲು ಖಾಲಿ. ಡಿಲೇ ಆ ಖಾಲಿಯನ್ನು ತುಂಬಿಬಿಡುತ್ತದೆ, ಅದಕ್ಕೆ ಅಷ್ಟು ಹೊತ್ತು ಮಾತ್ರ ಅದರ ವಾಲ್ಯೂಮನ್ನು ಆಟೋಮೇಷನ್‌ನಿಂದ ಇಳಿಸಿದೆ. ಹಿಂದಿನ ಸ್ವರಗಳ ಬಾಲ ಇರುವುದರಿಂದ ಪೂರ್ತಿ ನಿಶ್ಶಬ್ದ ಆಗುವುದಿಲ್ಲ. ಒಂದು ಏಟು ತಪ್ಪಿದ್ದು ಮಾತ್ರ ಕೇಳುತ್ತದೆ, ಮರುಕ್ಷಣ D4 ಮತ್ತು ಬೀಟ್ ಒಟ್ಟಿಗೆ ಬೀಳುತ್ತವೆ.