ಒಂದೇ ಬೂತಾಯಿ, ಎರಡು ಸಾಲು

ಮಂಗಳೂರಿನ ಹಂಪನಕಟ್ಟೆಯ ಬಳಿ ನಮ್ಮದೊಂದು ಮೀನೂಟದ ಹೋಟೆಲು. ಬಾಗಿಲ ಪಕ್ಕದ ಕರಿಹಲಗೆಯಲ್ಲಿ ಆಯಾ ದಿನದ ವಿಶೇಷವನ್ನು ಬರೆಯುವುದು ನನ್ನ ಕೆಲಸ. ಮೇಲೆ ಕನ್ನಡ, ಕೆಳಗೆ ಇಂಗ್ಲಿಷ್. ಬಂದರಿನ ಧಕ್ಕೆಯಿಂದ ಮೀನು ಬಂದು, ಅದನ್ನು ಏನು ಮಾಡುವುದೆಂದು ಅಡುಗೆಯ ಅಕ್ಕ ಹೇಳಿದ ಮೇಲೆಯೇ ಸುಣ್ಣದ ಕಡ್ಡಿ ಹಿಡಿಯುತ್ತೇನೆ.

ಎರಡೂ ಸಾಲುಗಳಲ್ಲಿ ಒಂದೇ ಮಾತನ್ನು ಬರೆಯಬೇಕೆಂಬ ನಿಯಮ ನನಗಿಲ್ಲ. ಎರಡೂ ನಿಜವಾಗಿರಬೇಕು, ಅಷ್ಟೇ. ಓದುವವರಿಗೆ ಮೊದಲೇ ಗೊತ್ತಿರುವುದು ಬೇರೆ ಬೇರೆಯಾದ್ದರಿಂದ ಆಸೆ ಹುಟ್ಟಿಸುವ ಮಾತೂ ಬೇರೆಯಾಗುತ್ತದೆ. ಇದು ಚೆನ್ನಾಗಿ ಕಾಣುವುದು ಬೂತಾಯಿ ಮೀನಿನ ಪುಳಿಮುಂಚಿಯಲ್ಲಿ.

ಪುಳಿಮುಂಚಿ ಎಂದರೆ ಹುಳಿ, ಮೆಣಸು ಎಂದು ಊರಿನವರಿಗೆ ಹೇಳಬೇಕಾಗಿಲ್ಲ. ಅವರಿಗೆ ಬೇಕಾದ ಸುದ್ದಿ ಒಂದೇ: ಇದು ಈಗ ಒಲೆಯಿಂದ ಇಳಿದದ್ದೋ, ಒಂದು ರಾತ್ರಿ ಕಳೆದದ್ದೋ? ಮಣ್ಣಿನ ಅಳಗೆಯಲ್ಲಿ ರಾತ್ರಿಯಿಡೀ ಕುಳಿತ ಪುಳಿಮುಂಚಿಯಲ್ಲಿ ಹುಳಿ ಖಾರಗಳು ಮೀನಿನ ಒಳಗೆ ಇಳಿದಿರುತ್ತವೆ. ಹಾಗಾಗಿ ಕನ್ನಡದಲ್ಲಿ ಹೀಗೆ ಬರೆಯುತ್ತೇನೆ:

ಬೂತಾಯಿ ಪುಳಿಮುಂಚಿ
ನಿನ್ನೆ ರಾತ್ರಿಯ ಅಳಗೆಯದು

ಇದನ್ನು ಓದಿದ ಊರಿನವರು ನೀರುದೋಸೆ ಇದೆಯೇ ಎಂದು ಕೇಳುತ್ತಲೇ ಒಳಗೆ ಬರುತ್ತಾರೆ. ಇದೇ ಮಾತನ್ನು ಇಂಗ್ಲಿಷಿಗೆ ಹಾಗೆಯೇ ಇಳಿಸಿದರೆ ಹಳಸಲು ಮಾರುತ್ತಿದ್ದಾರೆ ಎಂದು ದೆಹಲಿಯಿಂದ ಬಂದವರು ಮುಂದಿನ ಹೋಟೆಲಿಗೆ ನಡೆಯುತ್ತಾರೆ. ಅವರಿಗೆ ಮೊದಲು ಯಾವ ಮೀನೆಂದು ತಿಳಿಯಬೇಕು, ಆಮೇಲೆ ರುಚಿ, ಆಮೇಲೆ ಎಚ್ಚರಿಕೆ. ಆದ್ದರಿಂದ ಕೆಳಗಿನ ಸಾಲು, ಇಂಗ್ಲಿಷ್ ಅಕ್ಷರಗಳಲ್ಲಿ, 'ಸಾರ್ಡೀನ್ಸ್, ಚಿಲ್ಲಿ ಅಂಡ್ ಟ್ಯಾಮರಿಂಡ್, ರೆಸ್ಟೆಡ್ ಓವರ್‌ನೈಟ್. ಸ್ಮಾಲ್ ಬೋನ್ಸ್.' ರಾತ್ರಿ ಕಳೆದ ವಿಷಯವನ್ನು ಮುಚ್ಚಿಡುವುದಿಲ್ಲ, ಅದು ಬೇಕೆಂದೇ ಮಾಡಿದ್ದು ಎಂದು ತಿಳಿಯುವಂತೆ ಹೇಳುತ್ತೇನೆ. ಮುಳ್ಳಿನ ಮಾತು ಗಿರಾಕಿಯನ್ನು ಓಡಿಸುತ್ತದೆ ಎಂದು ನಮ್ಮ ಮಾಲೀಕರಿಗೆ ಮೊದಲು ಅಳುಕಿತ್ತು. ಮುಳ್ಳಿಗೆ ಹೆದರುವವರು ಹೇಗೂ ಅರ್ಧ ತಟ್ಟೆ ಬಿಟ್ಟೇ ಏಳುತ್ತಾರೆ. ಅವರಿಗೆ ಮೊದಲೇ ತಿಳಿದರೆ ಅಂಜಲ್ ಮೀನು ಕೇಳುತ್ತಾರೆ.

ಘಟ್ಟದ ಮೇಲಿನಿಂದ ಬರುವ ಕನ್ನಡಿಗರ ಪಾಡು ನಡುವಿನದು. ಕನ್ನಡ ಓದುತ್ತಾರೆ, ಬೂತಾಯಿ ಏನೆಂದು ಗೊತ್ತಿರುವುದಿಲ್ಲ. ಅವರ ಕಣ್ಣು ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಇಳಿದು 'ಸಾರ್ಡೀನ್' ಹಿಡಿದುಕೊಂಡು ಮತ್ತೆ ಮೇಲೇರುತ್ತದೆ. ಅದಕ್ಕಾಗಿ ಮೀನಿನ ಹೆಸರು ಎರಡೂ ಸಾಲುಗಳಲ್ಲಿ ಮೊದಲ ಪದವಾಗಿಯೇ ಇರಬೇಕು.

ಮೀನಿಗೆ ಊರಿನವರು ಕರೆಯುವ ಹೆಸರನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಕಾದಾಗ ಕಾಗುಣಿತ ನೋಡಿಕೊಳ್ಳುತ್ತೇನೆ. ಕಾಣೆಯನ್ನು ಕೆ, ಎ, ಎನ್, ಇ ಎಂದು ಬರೆದರೆ ಹೊರಗಿನವರು 'ಕೇನ್' ಎನ್ನುತ್ತಾರೆ. ಎರಡು 'ಎ' ಹಾಕಿ, ಪಕ್ಕದಲ್ಲಿ ಲೇಡಿಫಿಶ್ ಎಂದು ಸೇರಿಸಿದರೆ ಕೇಳಲು ಯಾರೂ ನಾಚುವುದಿಲ್ಲ. ಹೆಸರು ಉಚ್ಚರಿಸಲು ಬಾರದ ತಿಂಡಿಯನ್ನು ಜನ ಕೇಳುವುದೇ ಇಲ್ಲ.

'ಫ್ರೆಶ್', 'ರುಚಿಕರ', 'ಸ್ಪೆಷಲ್' ಎಂಬ ಪದಗಳನ್ನು ನಾನು ಬಳಸುವುದಿಲ್ಲ. ಬಂದರಿನ ಊರಿನಲ್ಲಿ ತಾಜಾ ಎಂದು ಬರೆದರೆ, ನಿನ್ನೆ ಬರೆಯದಿದ್ದದ್ದು ಯಾಕೆ ಎಂಬ ಸಂಶಯ ಬರುತ್ತದೆ. ಹಲಗೆ ಕೆಲಸ ಮಾಡುತ್ತಿದೆಯೇ ಎಂಬುದನ್ನು ಬಡಿಸುವ ಹುಡುಗರ ಬಾಯಿಯಿಂದ ತಿಳಿಯುತ್ತೇನೆ. 'ಇದೇನು ಮಾರಾಯ್ರೇ?' ಎಂದು ಮೇಜುಗಳಿಂದ ಮತ್ತೆ ಮತ್ತೆ ಪ್ರಶ್ನೆ ಬಂದರೆ ಸಾಲಿನಲ್ಲಿ ವಸ್ತುವಿನ ಹೆಸರು ಸಾಲದು. 'ಎಷ್ಟು ಖಾರ?' ಎಂದು ಕೇಳಿದರೆ ಅದು ಒಳ್ಳೆಯ ಲಕ್ಷಣ, ಮನಸ್ಸು ಆಗಲೇ ತಟ್ಟೆಯ ಹತ್ತಿರ ಬಂದಿದೆ.

ಬರೆಯುವಾಗ ಕನ್ನಡಕ್ಕೆ ಜಾಗ ಹೆಚ್ಚು ಬೇಕು. ಸುಕ್ಕ, ಪತ್ರೊಡೆಗಳ ಒತ್ತಕ್ಷರಗಳು ಕೆಳಕ್ಕೆ ಇಳಿಯುವುದರಿಂದ ಇಂಗ್ಲಿಷ್ ಸಾಲನ್ನು ಅರ್ಧ ಅಕ್ಷರದಷ್ಟು ದೂರ ಇಡುತ್ತೇನೆ. ಮೊಂಡು ಕಡ್ಡಿಯಲ್ಲಿ ಬರೆದರೆ ಣ, ಮ, ಯಗಳ ಸುರುಳಿಗಳು ಮುಚ್ಚಿ ಹೋಗುತ್ತವೆ, ಆದ್ದರಿಂದ ಕಡ್ಡಿಯನ್ನು ಉಜ್ಜಿ ಚೂಪು ಮಾಡಿಕೊಳ್ಳಬೇಕು. ಇಂಗ್ಲಿಷನ್ನು ದೊಡ್ಡಕ್ಷರಗಳಲ್ಲೇ ಬರೆದರೆ ಕೂಗಿದಂತೆ ಕಾಣುತ್ತದೆ. ಬೆಲೆ ಒಮ್ಮೆ ಸಾಕು, ಬಲಗಡೆ, ಎರಡೂ ಸಾಲುಗಳಿಗೆ ಸೇರಿಸಿ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆಗ ಹಲಗೆಯ ಮೇಲೆ ಮೀನಿನ ಹೆಸರುಗಳು ಕಡಿಮೆಯಾಗುತ್ತವೆ. ಮಳೆ ಹಿಡಿದ ದಿನ ಕನ್ನಡದಲ್ಲಿ 'ಕುಚ್ಚಲಕ್ಕಿ ಗಂಜಿ, ಒಣ ಸಿಗಡಿ ಚಟ್ನಿ' ಎಂದಷ್ಟೇ ಬರೆಯುತ್ತೇನೆ, ವಿಶೇಷಣ ಒಂದೂ ಇಲ್ಲ. ಇಂಗ್ಲಿಷಿನಲ್ಲಿ ಮಾತ್ರ ಚಟ್ನಿಗೆ 'ರೋಸ್ಟೆಡ್ ಡ್ರೈ ಪ್ರಾನ್ಸ್ ಅಂಡ್ ಕೋಕನಟ್' ಎಂದು ಬಿಡಿಸುತ್ತೇನೆ. ಗಂಜಿಯನ್ನು ವಿವರಿಸಲು ಹೊರಟರೆ ಅದು ಆಸ್ಪತ್ರೆಯ ಊಟವಾಗಿ ಕಾಣುತ್ತದೆ, ಅದಕ್ಕೆ ಅದರ ಹೆಸರನ್ನು ಹಾಗೆಯೇ ಬರೆದು, ಕೇಳಿದವರಿಗೆ ಒಂದು ಸಣ್ಣ ಬಟ್ಟಲು ತೋರಿಸುವಂತೆ ಹುಡುಗರಿಗೆ ಹೇಳಿದ್ದೇನೆ.