ಮಳ್ಯಾಗ ಟಿಪ್ಪರ್ ಹಿಂದ ಐದು ಎಣಿಸೋದು: ತತ್ತಿ ಲೋಡ್ ಮ್ಯಾಲೆ ನನ್ನ ಅನುಭವ

ಮುಂದಿನ ಗಾಡಿ ದಾಟಿದ ಜಾಗಾನ ನಾವು ಎರಡು ಸೆಕೆಂಡ್ ಆದಮ್ಯಾಲೆ ಮುಟ್ಟೋವಷ್ಟು ದೂರ ಇಡೋ ಎರಡು ಸೆಕೆಂಡ್ ಗ್ಯಾಪ್ ಅನ್ನೋದು ಲೈನ್ ಮ್ಯಾಲೆ ಗಾಡಿ ಹೊಡಿಯೋ ಎಲ್ರಿಗೂ ಗೊತ್ತಿರೋದ, ಅದನ್ನ ಇನ್ನೂ ಬಿಡಿಸಿ ಹೇಳೋದಿಲ್ಲ. ನಾ ಬರಿಯಾಕ ಹತ್ತಿದ್ದು, ಮಳ್ಯಾಗ ಅದಿರು ಟಿಪ್ಪರ್ ಹಿಂದ ಇದ್ದಾಗ ಆ ಎರಡನ್ನ ಐದು ಮಾಡಿಕೊಂಡ್ರ ಏನಾಗ್ತೈತಿ ಅನ್ನೋದು. ನಮ್ಮ ಸ್ಟ್ಯಾಂಡಿನ್ಯಾಗ ಒಬ್ರೂ ಒಪ್ಪಿರಲಿಲ್ಲ. ಈಗ ಎರಡು ಮಳಿಗಾಲ ದಾಟೇತಿ, ಲೆಕ್ಕ ನನ್ನ ಕೈಯಾಗ ಐತಿ, ಅದಕ್ಕ ಬರಿಯಾಕ ಕುಂತೀನಿ.

ನಂದು ಪಿಕಪ್ ಗಾಡಿ, ಊರು ಕೊಪ್ಪಳ. ಹೊಸಪೇಟಿ ಕಡಿ ಫಾರ್ಮಿನಿಂದ ತತ್ತಿ ತುಂಬಿ ಬಳ್ಳಾರಿಗೆ ಒಯ್ಯೋದು, ನಡಕ ಒಮ್ಮೊಮ್ಮೆ ರಾಯಚೂರು. ಒಂದು ಲೋಡಿಗೆ ಸುಮಾರು ಆರುನೂರು ಟ್ರೇ, ಟ್ರೇಗೆ 30 ತತ್ತಿ. ದಾರ್ಯಾಗ ಒಡದದ್ದು ನೂರಕ್ಕ ಒಂದರ ತನಕ ಸಾವ್ಕಾರ್ರು ಬಿಡ್ತಾರ, ಅದರ ಮ್ಯಾಲಿಂದು ನಮ್ಮ ಬಾಡಿಗ್ಯಾಗ ಮುರ್ಕೋತಾರ. ಮಳಿಗಾಲದಾಗ ಈ ರೋಡಿನ್ಯಾಗ ಹತ್ತು ಹನ್ನೆರಡು ಟ್ರೇ ಹೋಗೋದು ಎಲ್ಲಾರಿಗೂ ಮಾಮೂಲಿ ಆಗಿತ್ತು. ಟ್ರೇಗೆ ನೂರೈವತ್ತು ಹಿಡಿದ್ರೂ ಒಂದೊಂದು ಲೋಡಿಗೆ ಏಳೆಂಟ್ನೂರು ರೂಪಾಯಿ ನಮ್ಮ ಕಿಸೆಯಿಂದನ ಹೋಗ್ತಿತ್ತು. ಒಡಿಯೋದಕ್ಕ ಗುಂಡಿ ಕಾರಣ ಅಂತ ಎಲ್ರೂ ಅಂತಿದ್ರು. ನಾ ನೋಡಿದಂಗ ಗುಂಡಿಗಿಂತ ಜಾಸ್ತಿ ಒಡಿಯೋದು ದಬಕ್ಕನ ಬ್ರೇಕ್ ಹಿಡಿದಾಗ, ಯಾಕಂದ್ರ ಒಡದ ತತ್ತಿ ಹಿಂದಿನ ಸಾಲಿನ್ಯಾಗ ಇರ್ತಿರಲಿಲ್ಲ, ಕ್ಯಾಬಿನ್ ಬೆನ್ನಿಗೆ ಹತ್ತಿದ ಮುಂದಿನ ಎರಡು ಸಾಲಿನ್ಯಾಗನ ಇರ್ತಿದ್ವು.

ಮೊದಲಿಗೆ ದೂರದ ಲೆಕ್ಕ ಹಿಡಿದು ನೋಡಿದೆ, ಒಂದು ಕರೆಂಟ್ ಕಂಬದಷ್ಟು ಬಿಡೋಣ ಅಂತ. ಅದು ನಡಿಲಿಲ್ಲ. ಒಂದು ಕಡೆ ಕಂಬ ಹತ್ತರ, ಒಂದು ಕಡೆ ದೂರ, ಸ್ಪೀಡ್ ಏರಿದ್ರೂ ಇಳಿದ್ರೂ ಕಂಬ ಅಷ್ಟ. ಸೆಕೆಂಡಿನ ಲೆಕ್ಕದಾಗ ಆ ಕಾಟ ಇಲ್ಲ, ಸ್ಪೀಡ್ ಏರಿದಂಗ ಮೀಟರ್ ತಾನ ಏರ್ತೈತಿ. 60ರಾಗ ಒಂದು ಸೆಕೆಂಡಿಗೆ ಹದಿನೇಳು ಮೀಟರ್ ಹತ್ರ ಓಡ್ತೀವಿ, 80ಕ್ಕ ಇಪ್ಪತ್ತೆರಡು.

ಆಮ್ಯಾಲೆ ಎಣಿಸೋದರದ್ದು ಬಂತು. "ಸಾವಿರದ ಒಂದು, ಸಾವಿರದ ಎರಡು" ಅಂತ ಎಣಿಸಾಕ ಹತ್ತಿದೆ, ನಮ್ಮ ಕ್ಲೀನರ್ ಹುಡುಗನ ಕೈಯಾಗ ಮೊಬೈಲ್ ಸ್ಟಾಪ್‌ವಾಚ್ ಕೊಟ್ಟು ಹಿಡಿ ಅಂದೆ. ಆರಾಮ ಇದ್ದಾಗ ಸರಿ ಬರ್ತಿತ್ತು, ಆದ್ರ ಮಳಿ ಜೋರಾಗಿ ಮುಂದ ಟಿಪ್ಪರ್ ಇತ್ತಂದ್ರ ನಾ ಐದು ಮುಗಿಸೋದ್ರಾಗ ಅವನ ಮೊಬೈಲಿನ್ಯಾಗ ಮೂರೂವರಿನೂ ಆಗಿರ್ತಿರಲಿಲ್ಲ, ಗಾಬರಿ ಆದಷ್ಟೂ ನಾಲಿಗಿ ಓಡ್ತೈತಿ. ಕಡೀಕ ನನಗ ಕುಂತದ್ದು "ಹುಲಿಗೆಮ್ಮ ತಾಯಿ ಒಂದು, ಹುಲಿಗೆಮ್ಮ ತಾಯಿ ಎರಡು". ಅಮ್ಮನ ಹೆಸರು ಅವಸರ ಮಾಡಿ ಅನ್ನಾಕ ಬಾಯಿ ಬರೋದಿಲ್ಲ, ಅದಕ್ಕ ಎಂಥಾ ಮಳ್ಯಾಗೂ ಹೆಚ್ಚುಕಮ್ಮಿ ಸೆಕೆಂಡಿಗೆ ಒಂದರಂಗ ಬೀಳ್ತೈತಿ. ನೀವು ನಿಮಗ ಕೂಡೋದು ಇಟ್ಕೊಳ್ರಿ, ಆದ್ರ ಸ್ಟಾಪ್‌ವಾಚ್ ಹಿಡಿದು ನೋಡಲಾರದ ನಂಬಬ್ಯಾಡ್ರಿ.

ಇನ್ನೊಂದು, ಎಣಿಕಿ ಎಲ್ಲಿಂದ ಶುರು ಮಾಡ್ತೀವಿ ಅನ್ನೋದು. ಭಾಳ ಮಂದಿ ಮುಂದಿನ ಗಾಡಿಯ ಮೂತಿ ಕಿಲೋಮೀಟರ್ ಕಲ್ಲು ದಾಟಿದ ಕೂಡ್ಲೆ ಎಣಿಸಾಕ ಹತ್ತಿಬಿಡ್ತಾರ. ಕಾರಿನ ಹಿಂದ ಅದು ಅಷ್ಟು ಗೊತ್ತಾಗೋದಿಲ್ಲ. 18 ಮೀಟರ್ ಟ್ರೈಲರ್ ಇತ್ತಂದ್ರ 60ರಾಗ ಅದರ ಉದ್ದನ ಒಂದು ಸೆಕೆಂಡಿಗಿಂತ ಜಾಸ್ತಿ ನುಂಗ್ತೈತಿ, ಅಂದ್ರ ಎರಡು ಎಣಿಸೀನಿ ಅಂದವನ ಹತ್ರ ಖರೆ ಗ್ಯಾಪ್ ಒಂದು ಸೆಕೆಂಡೂ ಇರೋದಿಲ್ಲ. ಅವನ ಹಿಂದಿನ ಬಂಪರ್ ಕಲ್ಲು ದಾಟಿದಾಗ ಶುರು, ನಮ್ಮ ಮುಂದಿನ ಬಂಪರ್ ಬಂದಾಗ ಮುಗೀತು. ಮಳ್ಯಾಗ ರೋಡಿನ ಪಟ್ಟಿ ಕಾಣೋದಿಲ್ಲ, ಹಳ್ಳದ ಸೇತುವಿ ಕಟ್ಟಿ, ಕಿಲೋಮೀಟರ್ ಕಲ್ಲು, ನಡುವ ಇರೋ 200 ಮೀಟರ್ ಕಲ್ಲು, ಬಂಕಿನ ಬೋರ್ಡು ಇವನ್ನ ಹಿಡೀಬೇಕು. ರಾತ್ರಿಗೆ ನಂದೊಂದು ಬ್ಯಾರೆ ಗುರುತು ಐತಿ, ಅದನ್ನ ಇಲ್ಲಿ ಹೇಳೋದಿಲ್ಲ, ಎದುರಿಗೆ ಸಿಕ್ಕವರಿಗೆ ಗಾಡ್ಯಾಗ ಕುಂಡ್ರಿಸಿಕೊಂಡ ತೋರಿಸ್ತೀನಿ.

ಈಗ ಸ್ಟ್ಯಾಂಡಿನ ವಾದಕ್ಕ ಬರ್ತೀನಿ. ಹಿರಿಯ ಡ್ರೈವರ್ ಒಬ್ರು ಅಂದ್ರು, "ತಮ್ಮಾ, ಲೋಡ್ ಟಿಪ್ಪರ್ ನಿನಗಿಂತ ತಡಾ ನಿಲ್ತೈತಿ, ಅದರ ಹಿಂದ ಯಾಕ ಅಷ್ಟು ಜಾಗ ಬಿಡ್ತಿ?" ನಾ ಅಂದೆ, "ಮಾಮ, ಬ್ರೇಕ್ ಹಿಡಿದು ನಿಂತ್ರ ನೀವು ಹೇಳೋದು ಖರೆ, ಆದ್ರ ಅದು ನಿಂದ್ರಲಾರದ ಪಕ್ಕಕ್ಕ ಸರಿದ್ರ?" ಪಾಯಿಂಟ್ ಇರೋದ ಇಲ್ಲಿ. ಎರಡು ಸೆಕೆಂಡ್ ಸಾಕಾಗೋದು ಮುಂದಿನಾವನೂ ಒಂದಿಷ್ಟು ದೂರ ಓಡಿ ನಿಲ್ತಾನ ಅನ್ನೋ ಲೆಕ್ಕದ ಮ್ಯಾಲೆ. ಟಿಪ್ಪರ್ ಹಿಂದ ನಮಗ ಕಾಣೋದು ಅದರ ಹಿಂದಿನ ಬಾಗಿಲು ಮಾತ್ರ. ಅದು ಸರ್ರನ ಬಲಕ್ಕ ಸರಿದು ನಿಂತ ಗಾಡಿ ಎದುರಿಗೆ ಬಂತಂದ್ರ ಆ ಗಾಡಿ ಒಂದು ಮೀಟರ್ ಸೈತ ಮುಂದ ಹೋಗೋದಿಲ್ಲ, ಪೂರಾ ನಿಲ್ಲೋ ದೂರ ನಮ್ಮ ಹತ್ರನ ಇರಬೇಕು.

ಹೋದ ಮಳಿಗಾಲದಾಗ ಸಂಜಿಮುಂದ ಕುಡುತಿನಿ ತೋರಣಗಲ್ಲು ನಡುವ ಅದ ಆತು. ಹದಾ ಮಳಿ, ನಂದು 55ರಾಗ, ಫುಲ್ ಲೋಡು, ಮುಂದ ಟಿಪ್ಪರ್, ಐದು ಎಣಿಸಿ ಇಟ್ಟಿದ್ದೆ. ಟಿಪ್ಪರ್ ಬ್ರೇಕ್ ಲೈಟ್ ಹತ್ತಲಿಲ್ಲ, ಮಣ್ಣು ಮೆತ್ತಿ ಲೈಟ್ ಕಾಣ್ತಿರಲಿಲ್ಲ ಅನ್ನೋದು ಖರೆ, ಒಮ್ಮಿಗೆಲೆ ಬಲಕ್ಕ ಹೊಳ್ಳಿತು, ನೋಡಿದ್ರ ಆಕ್ಸಲ್ ಮುರಿದು ನಿಂತ ಲಾರಿ, ಲೈಟ್ ಇಲ್ಲ, ಹಿಂದ ಒಂದು ಕಲ್ಲು ಇಟ್ಟಾರ ಅಷ್ಟ. ಎದುರಿನಿಂದ ಬಸ್ ಬರಾಕ ಹತ್ತೇತಿ, ಬಲಕ್ಕ ಹೋಗಾಕ ಜಾಗಾ ಇಲ್ಲ. ಲೆಕ್ಕ ಆಮ್ಯಾಲೆ ಹಾಕಿದ್ದು: 55ರಾಗ ಐದು ಸೆಕೆಂಡ್ ಅಂದ್ರ 75 ಮೀಟರ್ ಹತ್ರ. ನೋಡಿ ಕಾಲು ಬ್ರೇಕಿಗೆ ಹೋಗೋದ್ರಾಗ ಒಂದೂವರಿ ಸೆಕೆಂಡ್, ಅದರಾಗ 23 ಮೀಟರ್ ಹೋತು. ಹಸಿ ರೋಡಿನ್ಯಾಗ ಟೈರ್ ಜಾರಲಾರದಂಗ, ಲೋಡ್ ಮುಂದ ಬೀಳಲಾರದಂಗ ಹಿಡಿದ್ರ ಇನ್ನೊಂದು 40. ಒಂದೂವರಿ ಲಾರಿಯಷ್ಟು ಜಾಗಾ ಉಳಿಸಿ ನಿಂತೆ. ಅದ ಎರಡು ಸೆಕೆಂಡಿನ್ಯಾಗ ಇದ್ದಿದ್ರ ಕೈಯಾಗ 31 ಮೀಟರ್, ಕಾಲು ಬ್ರೇಕ್ ಮುಟ್ಟೋದ್ರಾಗ 23 ಖಲಾಸ್, 40 ಮೀಟರಿನ ಬ್ರೇಕ್ ಎಂಟು ಮೀಟರಿನ್ಯಾಗ ಎಲ್ಲಿಂದ ತರೋದು? ಬಳ್ಳಾರ್ಯಾಗ ಇಳಿಸಿ ನೋಡಿದ್ರ ಒಡದದ್ದು ಎರಡು ಟ್ರೇ ಚಿಲ್ಲರ. ಸಾವ್ಕಾರ್ರು ಎರಡು ಸಲ ಎಣಿಸಿದ್ರು.

ಹಂಗಾಗಿ ನಂದು ಈಗ ಹಿಂಗ ನಡದೈತಿ: ಒಣ ರೋಡು ಕಾರಿನ ಹಿಂದ ಎರಡು, ಒಣ ರೋಡಿನ್ಯಾಗ ಟಿಪ್ಪರ್ ಲಾರಿ ಹಿಂದ ಮೂರು, ಹಸಿ ರೋಡು ಸಣ್ಣ ಗಾಡಿ ಹಿಂದ ನಾಲ್ಕು, ಹಸಿ ರೋಡು ಪ್ಲಸ್ ದೊಡ್ಡ ಗಾಡಿ ಅಂದ್ರ ಐದು. ಮಳ್ಯಾಗ 60 ದಾಟೋದಿಲ್ಲ, ಯಾಕಂದ್ರ ಬ್ರೇಕಿನ ದೂರ ಸ್ಪೀಡಿಗಿಂತ ಜಲ್ದಿ ಬೆಳಿತೈತಿ, 80ರಾಗ ಇದ ಐದು ಸೈತ ಕಮ್ಮಿ ಬೀಳ್ತೈತಿ. ತೋರಣಗಲ್ಲು ಸಂಡೂರು ಕಡಿ ಮೊದಲನೇ ಮಳಿಗೆ ಇನ್ನೂ ಒಂದು ಸೇರಿಸ್ತೀನಿ. ತಿಂಗಳಾನುಗಟ್ಟಲೆ ಬಿದ್ದ ಅದಿರಿನ ಕೆಂಪು ಪುಡಿ, ಮ್ಯಾಲೆ ಆಯಿಲ್, ಸಣ್ಣಂಗ ಹನಿ ಬಿದ್ದ ಕೂಡ್ಲೆ ರಾಡಿ ಆಗಿ ಟೈರ್ ಹಿಡಿಯೋದಿಲ್ಲ. ಜೋರು ಮಳಿ ಬಂದು ತೊಳಕೊಂಡು ಹೋದಮ್ಯಾಲೆನ ರೋಡು ಸ್ವಲ್ಪ ಕೈಗೆ ಬರ್ತೈತಿ.

ನಡುವ ಒಂದು ಬ್ಯಾರೆ ಪ್ರಯೋಗನೂ ಮಾಡೀನಿ, ವೈಪರನ್ನ ಗಡಿಯಾರ ಮಾಡೋದು. ನನ್ನ ಗಾಡ್ಯಾಗ ಸ್ಲೋ ಇಟ್ರ ಹೋಗಿ ಬರಾಕ ಸುಮಾರು 1.4 ಸೆಕೆಂಡು, ಮೂರು ಸಲ ಹೋಗಿ ಬಂದ್ರ ನಾಲ್ಕು ಸೆಕೆಂಡಿನ ಮ್ಯಾಲೆ ಚೂರು. ಸ್ವಲ್ಪ ದಿನ ಭಾಳ ಚಲೋ ಅನ್ನಿಸ್ತು, ಬಾಯಿಲೆ ಎಣಿಸೋದ ಬ್ಯಾಡ. ಆದ್ರ ಮಳಿ ಜೋರಾಗಿ ಫಾಸ್ಟ್ ಇಟ್ಟಾಗ ಅದ ಮೂರು ಸಲ ಮೂರು ಸೆಕೆಂಡಿನೊಳಗ ಮುಗೀತೈತಿ, ಗ್ಯಾಪ್ ಹೆಚ್ಚಾಗಬೇಕಾದ ಹೊತ್ನ್ಯಾಗ ಕಮ್ಮಿ ಆಗ್ತೈತಿ. ಬಿಟ್ಟುಬಿಟ್ಟೆ. ಆದ್ರ ಅದರಿಂದ ಒಂದು ಲಾಭ ಆತು. ಬೀಳೋ ಮಳಿಗೆ ಸ್ಲೋ ಸಾಕು, ಆದ್ರೂ ಟಿಪ್ಪರ್ ಟೈರಿನಿಂದ ಹಾರೋ ಕೆಂಪು ನೀರಿಗೆ ಫಾಸ್ಟ್ ಇಡಬೇಕಾತು ಅಂದ್ರ ನಾ ಹತ್ರ ಹೋಗೀನಿ ಅಂತ ಅರ್ಥ. ಎಣಿಸೋಕ ಮೊದಲ ಅದು ತಿಳೀತೈತಿ.

ಗ್ಯಾಪ್ ಬಿಟ್ರ ಮಂದಿ ನುಗ್ತಾರ ಅನ್ನೋದು ಎಲ್ರ ತಕರಾರು. ನುಗ್ತಾರ, ಸುಳ್ಳಲ್ಲ. ಒಬ್ಬ ನುಗ್ಗಿದ್ರ ಕಾಲು ಸ್ವಲ್ಪ ಎತ್ತಿ ಮತ್ತ ಗ್ಯಾಪ್ ಮಾಡ್ಕೊಳ್ಳೋದು, ಅದಕ್ಕ ಹೋಗೋದು ನಾಲ್ಕೈದು ಸೆಕೆಂಡ್. ಹೊಸಪೇಟಿಯಿಂದ ಬಳ್ಳಾರಿ ಮುಟ್ಟೋದ್ರಾಗ ಇಪ್ಪತ್ತು ಮಂದಿ ನುಗ್ಗಿದ್ರೂ ಎರಡು ನಿಮಿಷ ಆಗೋದಿಲ್ಲ, ಚಾಕ್ಕ ನಿಂತ್ರ ಅದಕ್ಕಿಂತ ಜಾಸ್ತಿ ಹೋಗ್ತೈತಿ. ಹಿಂದ ಯಾವನರ ಮೂಗು ಹಚ್ಚಿಕೊಂಡು ಬರಾಕ ಹತ್ತಿದ್ರ ನಾ ಮುಂದಿನ ಗ್ಯಾಪ್ ಇನ್ನೊಂದು ಹೆಚ್ಚು ಮಾಡ್ತೀನಿ, ಆಗ ಬ್ರೇಕ್ ಮೆತ್ತಗ ಹಿಡಿದ್ರ ಸಾಕು, ಅವಗೂ ನಿಲ್ಲಾಕ ಟೈಮ್ ಸಿಗ್ತೈತಿ.

ರೊಕ್ಕದ ಲೆಕ್ಕ ನೆನಪಿನ ಮ್ಯಾಲೆ ಹೇಳ್ತೀನಿ. ಮಳಿಗಾಲದಾಗ ಒಡಿಯೋದು ಈಗ ಲೋಡಿಗೆ ಎರಡು ಮೂರು ಟ್ರೇ, ಬಾಡಿಗ್ಯಾಗ ಮುರಕೊಳ್ಳೋದು ನಿಂತೈತಿ. ಟ್ರೇ ಕಟ್ಟೋ ರೀತಿನೂ ಸ್ವಲ್ಪ ಬದಲ್ ಮಾಡೀನಿ, ಅದು ನನ್ನ ಧಂದೆದ ಮಾತು, ಬರಿಯೋದಿಲ್ಲ. ಬ್ರೇಕ್ ಪ್ಯಾಡ್ 25 ಸಾವಿರ ಕಿಲೋಮೀಟರಿಗೆ ಬದಲ್ ಮಾಡ್ತಿದ್ದೆ, ಈಗ ಹಾಕಿದ್ದು 40 ಸಾವಿರ ಹತ್ರ ಬಂತು, ಇನ್ನೂ ದಪ್ಪ ಐತಿ. ಮುಂದಿನ ಗ್ಲಾಸು ಮೊದಲ ಒಂದ ವರ್ಷದಾಗ ಎರಡು ಸಲ ಅದಿರಿನ ಕಲ್ಲಿಗೆ ಹೋಗಿತ್ತು, ಒಂದಕ್ಕ ಕೂಲಿ ಸೇರಿ ಏಳೆಂಟು ಸಾವಿರ. ಈಗ ಮುಂದಿನ ಗಾಡಿಯಿಂದ ಬಿದ್ದ ಕಲ್ಲಿಗೆ ಒಂದೂ ಹೋಗಿಲ್ಲ. ಎದುರು ಬರೋ ಗಾಡಿ ಸಿಡಿಸೋ ಕಲ್ಲಿಗೆ ಈ ಗ್ಯಾಪಿನಿಂದ ಏನೂ ಆಗೋದಿಲ್ಲ.

ಈ ಎಣಿಕಿ ನಡಿಯೋದು ಇಬ್ರೂ ಒಂದ ಸ್ಪೀಡಿನ್ಯಾಗ ಇದ್ದಾಗ ಮಾತ್ರ. ಗಂಗಾವತಿ ಸಿಂಧನೂರ ಕಡಿ ಭತ್ತದ ಸುಗ್ಗ್ಯಾಗ ರಾತ್ರಿ ಟ್ರ್ಯಾಕ್ಟರ್ ಟ್ರಾಲಿ 20ರಾಗ ಹೊಂಟಿರ್ತಾವ, ಹಿಂದ ಲೈಟ್ ಇರೋದಿಲ್ಲ, ರೇಡಿಯಂ ಸೈತ ಹುಲ್ಲಿನ್ಯಾಗ ಮುಚ್ಚಿರ್ತೈತಿ. ನಾವು 60ರಾಗ ಬಂದ್ರ ನಡುವಿನ ಜಾಗಾ ಸೆಕೆಂಡಿಗೆ ಹನ್ನೊಂದು ಮೀಟರಿನಂಗ ಕರಗ್ತೈತಿ, ಅಲ್ಲಿ ಕಲ್ಲು ನೋಡಿ ಐದು ಎಣಿಸ್ಕೋತ ಕುಂತ್ರ ಎಣಿಕಿ ಮುಗಿಯೋದ್ರಾಗ ಟ್ರಾಲಿ ಮೂಗಿನ ಮುಂದ. ಆ ರೋಡಿನ್ಯಾಗ ನಾ ಎಣಿಸೋದ ಇಲ್ಲ, ನನ್ನ ಲೈಟ್ ಎಷ್ಟು ದೂರ ಬೀಳ್ತೈತಿ ಅಷ್ಟರಾಗ ನಿಲ್ಲೋವಷ್ಟ ಸ್ಪೀಡ್ ಇಡ್ತೀನಿ. ಎದುರಿನ ಗಾಡಿಗೆ ಡಿಮ್ ಕೊಟ್ಟಾಗ ನನಗ 40ರ ಮ್ಯಾಲೆ ಹೋಗಾಕ ಆಗಿಲ್ಲ.